ಬರೀ ‘ಹೆಲ್ದಿ ಟಿಫಿನ್ ಹೇಳಿ ಮೇಡಂ’ ಅಂದ್ರೆ ಓಟ್ಸೇ ಬರುತ್ತೆ

ಜೂನ್ ಬಂತು ಅಂದ್ರೆ ಇನ್‌ಸ್ಟಾಗ್ರಾಂ ಸ್ಟೋರಿಗಳಲ್ಲಿ ಪೌಷ್ಟಿಕ ತಜ್ಞರ ಪ್ರಶ್ನೆ ಡಬ್ಬಿಗಳು ಕಾಣಿಸಿಕೊಳ್ಳುತ್ತವೆ. ‘ಮಕ್ಕಳ ಸ್ಕೂಲ್ ಟಿಫಿನ್ ಬಗ್ಗೆ ಏನು ಬೇಕಾದ್ರೂ ಕೇಳಿ’ ಅಂತ ಒಂದು ಸ್ಟಿಕ್ಕರ್. ಅದರೊಳಗೆ ನಮ್ಮ ಕಡೆಯ ತಾಯಂದಿರೂ ಟೈಪ್ ಮಾಡುತ್ತಾರೆ, ನಾವು ನೋಡಿದ್ದೇವೆ. ಹೆಚ್ಚಿನ ಪ್ರಶ್ನೆಗಳು ಮೂರ್ನಾಲ್ಕು ಪದದವು. ಹೆಲ್ದಿ ಟಿಫಿನ್ ಐಡಿಯಾ ಕೊಡಿ. ಮಗು ಏನೂ ತಿನ್ನಲ್ಲ, ಏನು ಮಾಡಲಿ. ಅನ್ನ ಕೊಡಬಹುದಾ. ಉತ್ತರವೂ ಹಾಗೇ ಬರುತ್ತದೆ: ಓಟ್ಸ್ ದೋಸೆ, ಪನೀರ್ ರೋಲ್, ಬ್ರೊಕೋಲಿ ಕಟ್ಲೆಟ್. ನಮ್ಮ ಸಂತೆಯಲ್ಲಿ ಬ್ರೊಕೋಲಿ ಸಿಕ್ಕರೆ ನಮಗೂ ಒಂದು ಫೋಟೋ ಕಳಿಸಿ.

ತಪ್ಪು ಬರೀ ತಜ್ಞರದು ಅಂತ ನಾವು ಹೇಳುವುದಿಲ್ಲ. ಈ ಸ್ಟಿಕ್ಕರ್ ಕೆಲಸ ಮಾಡುವ ರೀತಿಯೇ ಹಾಗಿದೆ. ನೀವು ಕೇಳಿದ್ದು ಅವರಿಗೆ ಹೋಗುತ್ತದೆ. ಅವರು ಅದನ್ನು ಉತ್ತರದ ಜೊತೆ ಸ್ಟೋರಿಗೆ ಹಾಕಿದಾಗ ನಿಮ್ಮ ಹೆಸರು, ಫೋಟೋ ಉಳಿದವರಿಗೆ ಕಾಣುವುದಿಲ್ಲ. ಅದು ಒಳ್ಳೆಯದೇ. ಆದರೆ ಹೆಸರಿನ ಜೊತೆಗೆ ನಿಮ್ಮ ಊರು, ಮಗುವಿನ ವಯಸ್ಸು, ಶಾಲೆಯ ಹೊತ್ತು ಎಲ್ಲವೂ ಅಳಿಸಿಹೋಗುತ್ತವೆ. ಉಳಿಯುವುದು ನೀವು ಟೈಪ್ ಮಾಡಿದ ಆ ಮೂರು ಪದ. ಆದ್ದರಿಂದ ಪರಿಸ್ಥಿತಿಯನ್ನು ಪ್ರಶ್ನೆಯೊಳಗೇ ತುಂಬಬೇಕು. ಹೀಗೆ:

‘8 ವರ್ಷದ ಹುಡುಗಿ, 22 ಕೆ.ಜಿ. ಬೆಳಿಗ್ಗೆ 6.30ಕ್ಕೆ ಕಟ್ಟಿದ್ದು 12.45ಕ್ಕೆ ತಿಂತಾಳೆ. ಚಿತ್ರಾನ್ನ ಮಾತ್ರ ಖಾಲಿ ಮಾಡ್ತಾಳೆ. ಮನೇಲಿ ಶೇಂಗಾ, ಹೆಸರುಕಾಳು, ಮೊಟ್ಟೆ ಇದೆ. ಏನು ಸೇರಿಸಲಿ?’

ಡಬ್ಬಿಯಲ್ಲಿ ಇಷ್ಟು ಹಿಡಿಯದಿದ್ದರೆ ಎರಡು ಸಲ ಕಳಿಸಿ, ಒಬ್ಬರೇ ಮತ್ತೆ ಮತ್ತೆ ಕೇಳಲು ಅಡ್ಡಿಯಿಲ್ಲ. ಈ ಪ್ರಶ್ನೆಗೆ ‘ಅನ್ನ ಬಿಡಿಸಿ, ಓಟ್ಸ್ ಕೊಡಿ’ ಅಂತ ಉತ್ತರ ಬಂದರೆ ತಜ್ಞರು ಪ್ರಶ್ನೆ ಓದಿಲ್ಲ ಅಂತಲೇ ಅರ್ಥ.

ಈ ಹುಡುಗಿಯ ಲೆಕ್ಕವನ್ನೇ ಹಾಕಿ ನೋಡೋಣ. 7ರಿಂದ 9 ವರ್ಷದ ಮಗುವಿಗೆ ದಿನಕ್ಕೆ ಸುಮಾರು 23 ಗ್ರಾಂ ಪ್ರೋಟೀನ್ ಬೇಕು ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪಟ್ಟಿ ಹೇಳುತ್ತದೆ. ಮೂರು ಹೊತ್ತಿಗೆ ಹಂಚಿದರೆ ಡಬ್ಬಿಯ ಪಾಲು 8 ಗ್ರಾಂ ಹತ್ತಿರ. ಚಿತ್ರಾನ್ನಕ್ಕೆ 70 ಗ್ರಾಂ ಅಕ್ಕಿ ಹಾಕಿದ್ದೀರಿ ಅಂತಿಟ್ಟುಕೊಳ್ಳಿ, ಅದರಿಂದ ಸುಮಾರು 5 ಗ್ರಾಂ ಬಂತು. ಒಗ್ಗರಣೆಗೆ ಬಿದ್ದ ಹತ್ತು ಶೇಂಗಾ ಕಾಳಿನಿಂದ ಹೆಚ್ಚೆಂದರೆ ಒಂದೂವರೆ ಗ್ರಾಂ. ಕೊರತೆ ಇರುವುದು ಇಲ್ಲಿ. ಹತ್ತು ಕಾಳಿನ ಬದಲು ಒಂದು ಸಣ್ಣ ಹಿಡಿ, ಅಂದರೆ 25 ಗ್ರಾಂನಷ್ಟು ಹುರಿದ ಶೇಂಗಾ ಹಾಕಿದರೆ ಅದರಿಂದಲೇ 6 ಗ್ರಾಂ ಬರುತ್ತದೆ. ಒಟ್ಟು 11 ಗ್ರಾಂ ಆಯ್ತು. ಶೇಂಗಾ ಆರಿಸಿ ಪಕ್ಕಕ್ಕಿಡುವ ಮಗುವಾದರೆ ತರಿತರಿಯಾಗಿ ಕುಟ್ಟಿ ಅನ್ನಕ್ಕೆ ಕಲೆಸಿ, ಇಲ್ಲವೇ ಶೇಂಗಾ ಚಟ್ನಿಪುಡಿ ಹಾಕಿ. ಮೊಟ್ಟೆ ತಿನ್ನುವ ಮನೆಯಾದರೆ ಒಂದು ಮೊಟ್ಟೆಯಲ್ಲಿ 6 ಗ್ರಾಂ ಇದೆ. ನಿಂಬೆಹಣ್ಣು ಹೇಗೂ ಹಿಂಡುತ್ತೀರಿ. ಕಾಳು, ಸೊಪ್ಪಿನಲ್ಲಿರುವ ಕಬ್ಬಿಣದಂಶ ಮೈಗೆ ಹತ್ತಲು ಅದು ಸಹಾಯ ಮಾಡುತ್ತದೆ. ಶೇಂಗಾ ತಿಂದರೆ ಅಲರ್ಜಿ ಆಗುವ ಮಕ್ಕಳಿಗೆ ಇದು ಬೇಡ. ಇನ್ನೂ ಅಂಗನವಾಡಿ ವಯಸ್ಸಿನ ಕೂಸುಗಳಿಗೆ ಇಡೀ ಕಾಳು ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಈಗ ಆ ಪ್ರಶ್ನೆಯಲ್ಲಿದ್ದ 6.30 ಮತ್ತು 12.45ರ ಮಾತು. ನಮ್ಮ ಪ್ರಕಾರ ಇದೇ ಮುಖ್ಯ, ಆದರೆ ಸ್ಟೋರಿಗಳಲ್ಲಿ ಇದನ್ನು ಕೇಳುವವರೂ ಕಡಿಮೆ, ಹೇಳುವವರೂ ಕಡಿಮೆ. ಊರಿಂದ ಪಟ್ಟಣದ ಕಾನ್ವೆಂಟಿಗೆ ವ್ಯಾನಿನಲ್ಲಿ ಹೋಗುವ ಮಗುವಿನ ಡಬ್ಬಿ ಆರು ಗಂಟೆ ಮುಚ್ಚಿರುತ್ತದೆ. ಅಕ್ಕಿಯಲ್ಲಿ ಬೆಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು, ಅನ್ನ ಬೆಂದರೂ ಅವು ಸಾಯುವುದಿಲ್ಲ. ಬೆಂದ ಅನ್ನ ಬೆಚ್ಚಗೇ ಬಹಳ ಹೊತ್ತು ಕೂತರೆ ಅವು ಚಿಗುರಿ ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ, ಒಗ್ಗರಣೆ ಕೊಟ್ಟರೂ ಹೋಗುವುದಿಲ್ಲ. ವಾಸನೆಯಲ್ಲೂ ಗೊತ್ತಾಗದೆ ಇರಬಹುದು. ತಿಂದು ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾದರೆ ಆಗ ಡಬ್ಬಿಯ ಮೇಲೆ ಅನುಮಾನ ಪಡಬೇಕು.

ಹಾಗಾಗಿ ರಾತ್ರಿ ಒಲೆ ಮೇಲೆ ಉಳಿದ ಅನ್ನದ ಚಿತ್ರಾನ್ನವನ್ನು ಮಧ್ಯಾಹ್ನದ ಡಬ್ಬಿಗೆ ಹಾಕಬೇಡಿ. ತಂಗಳನ್ನ ತಿಂದೇ ಬೆಳೆದವರಲ್ಲವೇ ನಾವು ಅಂತ ಅಜ್ಜಿಯರು ಕೇಳುತ್ತಾರೆ. ಅವರು ಅನ್ನಕ್ಕೆ ನೀರು ಹಾಕಿಟ್ಟು, ಹುಳಿ ಬಂದದ್ದನ್ನು ಮಜ್ಜಿಗೆ ಕಲೆಸಿ ಬೆಳಿಗ್ಗೆಯೇ ಉಣ್ಣುತ್ತಿದ್ದರು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ವ್ಯಾನಿನ ಬಿಸಿಲಿಗೆ ಕಳಿಸುತ್ತಿರಲಿಲ್ಲ. ಬೆಳಿಗ್ಗೆ ಹೊಸದಾಗಿ ಅನ್ನ ಮಾಡಿ, ಅಗಲ ತಟ್ಟೆಯಲ್ಲಿ ಹರಡಿ ಹತ್ತು ಹದಿನೈದು ನಿಮಿಷ ಆರಿಸಿ, ಹಬೆ ನಿಂತ ಮೇಲೆ ಕಟ್ಟಿ. ಬಿಸಿ ಇರುವಾಗಲೇ ಮುಚ್ಚಳ ಹಾಕಿದರೆ ಹಬೆ ನೀರಾಗಿ ಅನ್ನದ ಮೇಲೆ ಬೀಳುತ್ತದೆ, ಬೇಗ ಹಳಸುತ್ತದೆ. ಹಸಿ ಕೊಬ್ಬರಿ ಚಟ್ನಿ ಬೇಸಿಗೆಯಲ್ಲಿ ಅಷ್ಟು ಹೊತ್ತು ತಡೆಯುವುದಿಲ್ಲ. ಮೊಟ್ಟೆಯೂ ಬೆಳಿಗ್ಗೆ ಚಹಾ ಹೊತ್ತಿಗೆ ತಿನ್ನಿಸಿದರೆ ಚಿಂತೆ ಇಲ್ಲ. ಮೊಸರನ್ನ ಕಟ್ಟುವುದಾದರೆ ಮೊಸರೇ ಕಲೆಸಬೇಡಿ. ಕಾಯಿಸಿ ಆರಿಸಿದ ಹಾಲನ್ನು ಅನ್ನಕ್ಕೆ ಕಲೆಸಿ ಒಂದು ಚಮಚ ಮೊಸರು ಹಾಕಿ, ಅದು ಡಬ್ಬಿಯಲ್ಲೇ ಹೆಪ್ಪಾಗಿ ಊಟದ ಹೊತ್ತಿಗೆ ಹದವಾಗಿರುತ್ತದೆ. ಇಷ್ಟನ್ನೂ ತೂಗಿ ನೋಡಿದರೆ ವಾರಕ್ಕೆ ಎರಡು ದಿನ ಚಪಾತಿ, ಚಟ್ನಿಪುಡಿ, ಒಣಗಿದಂತೆ ಹುರಿದ ಹೆಸರುಕಾಳು ಪಲ್ಯವೇ ಹಗುರ. ಅದು ಬೇಗ ಕೆಡುವುದಿಲ್ಲ.

ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳ ಮಾತು ಬೇರೆ. ಮಧ್ಯಾಹ್ನ ಬಿಸಿಯೂಟ ಇದೆ, ಹಾಲು ಇದೆ, ಮೊಟ್ಟೆ ಅಥವಾ ಬಾಳೆಹಣ್ಣು ಇದೆ. ಅವರ ತಾಯಿ ಕೇಳಬೇಕಾದದ್ದು ಡಬ್ಬಿಯ ಬಗ್ಗೆ ಅಲ್ಲ, ಮಗು ಬೆಳಿಗ್ಗೆ ಬರೀ ಚಹಾ ಕುಡಿದು ಹೋಗುತ್ತಿದೆಯಲ್ಲ, ಅದರ ಬಗ್ಗೆ.

ತಜ್ಞರಿಗೂ ಒಂದು ಮಾತು. ಅರ್ಧ ಪ್ರಶ್ನೆ ಬಂದಾಗ ಪೂರ್ತಿ ಉತ್ತರ ಕೊಡುವುದಕ್ಕಿಂತ ‘ಎಷ್ಟು ಗಂಟೆಗೆ ತಿಂತಾನೆ, ಮನೇಲಿ ಏನಿದೆ’ ಅಂತ ತಿರುಗಿ ಕೇಳಿದರೆ ಸ್ಟೋರಿ ನೋಡುವ ಉಳಿದವರೂ ಹಾಗೆ ಕೇಳಲು ಕಲಿಯುತ್ತಾರೆ. ಒಳ್ಳೆಯ ಉತ್ತರಗಳನ್ನು ಹೈಲೈಟ್‌ನಲ್ಲಿ ಉಳಿಸಿ, ಇಲ್ಲದಿದ್ದರೆ 24 ಗಂಟೆಗೆ ಸ್ಟೋರಿ ಮಾಯ. ಹೊಲದಿಂದ ಬಂದು ರಾತ್ರಿ ಮೊಬೈಲ್ ಹಿಡಿಯುವವರಿಗೆ ಅದು ಸಿಗುವುದೇ ಇಲ್ಲ. ಓದುವವರು ಉತ್ತರದ ಕೊನೆಯಲ್ಲಿ ಯಾವುದಾದರೂ ಕಂಪನಿಯ ಮಾಲ್ಟ್ ಪುಡಿಯ ಲಿಂಕ್ ಇದೆಯೇ ಅಂತಲೂ ನೋಡಿಕೊಳ್ಳಿ. ಇದ್ದರೆ ಆ ಉತ್ತರ ನಿಮ್ಮ ಮಗುವಿಗಾಗಿ ಬರೆದದ್ದಲ್ಲ.

ಸ್ಟಿಕ್ಕರ್‌ಗೆ ಹಾಕಲೇಬಾರದ ಪ್ರಶ್ನೆಯೂ ಒಂದಿದೆ. ‘ಆರು ವರ್ಷದ ಮಗ, 14 ಕೆ.ಜಿ., ಏನೂ ಸೇರಲ್ಲ, ಯಾವ ಟಿಫಿನ್ ಕೊಡಲಿ’ ಅನ್ನುವಂಥದ್ದು. ಆ ವಯಸ್ಸಿನ ಹುಡುಗರ ತೂಕ ಸಾಮಾನ್ಯವಾಗಿ 20 ಕೆ.ಜಿ. ಆಸುಪಾಸು. 14 ಅಂದರೆ ಟಿಫಿನ್ ಬದಲಿಸಿ ಸರಿ ಮಾಡುವ ವಿಷಯವಲ್ಲ, ಜಂತುಹುಳು, ರಕ್ತಹೀನತೆ, ಕ್ಷಯ ಏನಿದೆ ಅಂತ ಪರೀಕ್ಷೆ ಆಗಬೇಕು. ಅಂಗನವಾಡಿಯ ತಕ್ಕಡಿಯಲ್ಲಿ ಇನ್ನೊಮ್ಮೆ ತೂಗಿಸಿ, ಆಶಾ ಕಾರ್ಯಕರ್ತೆಗೆ ತಿಳಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ತೋರಿಸಿ. ಹೋಗುವಾಗ ತಾಯಿ ಕಾರ್ಡ್ ಜೊತೆಗಿರಲಿ, ಹುಟ್ಟಿದಾಗಿನಿಂದ ಬರೆಸಿದ ತೂಕ ಅದರಲ್ಲಿದೆ.