ಎರಡು ಗೆರೆಗಳ ಸಾಕ್ಷ್ಯ ಸಾಲದು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ತಾವೇ ಭೌತವಿಜ್ಞಾನದ ಅಧ್ಯಾಪಕರಾಗಿದ್ದಾರೆ. ಇನ್ನು ಕೆಲವರ ಮಕ್ಕಳು ಪದವಿ ತರಗತಿಯಲ್ಲಿ ಅದನ್ನೇ ಓದುತ್ತಿದ್ದಾರೆ. ಮನೆಗೆ ಬಂದಾಗ ಅವರ ಪ್ರಯೋಗದ ರೆಕಾರ್ಡ್ ಪುಸ್ತಕಗಳನ್ನು ತಿರುವಿ ಹಾಕುವುದು ನನ್ನ ಹಳೆಯ ಚಾಳಿ. ಅವುಗಳಲ್ಲಿ ಬಹುತೇಕ ಎಲ್ಲ ಕಡೆ ಕಂಡ ಒಂದು ಪದ್ಧತಿಯ ಬಗ್ಗೆ ನನ್ನ ತಕರಾರನ್ನು ಇಲ್ಲಿ ದಾಖಲಿಸಬೇಕೆನಿಸಿದೆ.

ಪ್ರಯೋಗ ನಿಮಗೆಲ್ಲ ಗೊತ್ತಿರುವಂಥದೇ. ಸ್ಪೆಕ್ಟ್ರೋಮೀಟರಿನ ಮೇಜಿನ ಮೇಲೆ ಗಾಜಿನ ಪ್ರಿಸಮ್ ಇಟ್ಟು, ಪಾದರಸದ ದೀಪದ ಬೆಳಕನ್ನು ಅದರ ಮೂಲಕ ಹಾಯಿಸಿ, ಪ್ರತಿಯೊಂದು ಬಣ್ಣದ ಗೆರೆಗೂ ಕನಿಷ್ಠ ವಿಚಲನೆಯ ಕೋನವನ್ನು ಅಳೆಯುವುದು. ಅದರಿಂದ ಆ ಬಣ್ಣಕ್ಕೆ ಗಾಜಿನ ವಕ್ರೀಭವನ ಸೂಚ್ಯಂಕವನ್ನು ಕಂಡುಹಿಡಿಯುವುದು. ಬಳಿಕ ಹಸಿರು ಮತ್ತು ನೇರಳೆ ಎಂಬ ಎರಡು ಗೆರೆಗಳನ್ನು ಆರಿಸಿ, ಕೋಶಿಯ ಸೂತ್ರದಲ್ಲಿರುವ ಎರಡು ಸ್ಥಿರಾಂಕಗಳನ್ನು ಬಿಡಿಸಿ, ಕೊನೆಯಲ್ಲಿ ಗಾಜಿನ ವರ್ಣವಿಭಜನ ಸಾಮರ್ಥ್ಯವೆಂದು ಒಂದು ಸಂಖ್ಯೆಯನ್ನು ಬರೆದು ಕೆಳಗೆ ಗೆರೆ ಎಳೆಯುವುದು. ಅಧ್ಯಾಪಕರ ಸಹಿಯೂ ಬೀಳುತ್ತದೆ.

ಹೀಗೆ ಬಂದ ಸಂಖ್ಯೆಗೆ ಸಹಿ ಹಾಕಬಾರದು ಎಂಬುದು ನನ್ನ ಅಭಿಪ್ರಾಯ. ಕಾರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಫ್ರಾನ್ಸಿನ ಗಣಿತಜ್ಞ ಕೋಶಿ 1830ರ ದಶಕದಲ್ಲಿ ಮುಂದಿಟ್ಟ ಸೂತ್ರವನ್ನು ನಾವು ಸಾಮಾನ್ಯವಾಗಿ ಮೊದಲ ಎರಡು ಪದಗಳಿಗೆ ಮೊಟಕುಗೊಳಿಸಿ ಹೀಗೆ ಬರೆಯುತ್ತೇವೆ:

n = A + B/λ²

ಇಲ್ಲಿ λ ಎಂದರೆ ತರಂಗಾಂತರ. ಅದನ್ನು ಮೈಕ್ರೋಮೀಟರುಗಳಲ್ಲಿ ತೆಗೆದುಕೊಳ್ಳೋಣ. ಅಡ್ಡ ಅಕ್ಷದಲ್ಲಿ 1/λ² ಅನ್ನೂ ಲಂಬ ಅಕ್ಷದಲ್ಲಿ ಸೂಚ್ಯಂಕವನ್ನೂ ಗುರುತಿಸಿದರೆ ಸರಳರೇಖೆ ಬರಬೇಕೆಂದು ಸೂತ್ರ ಹೇಳುತ್ತದೆ. ಆದರೆ ಯಾವ ಎರಡು ಬಿಂದುಗಳನ್ನು ಕೊಟ್ಟರೂ ಅವುಗಳ ಮೂಲಕ ಒಂದು ಸರಳರೇಖೆ ಹಾಯುತ್ತದೆ. ಗಾಜು ಸೂತ್ರವನ್ನು ಪಾಲಿಸಿದರೂ ಹಾಯುತ್ತದೆ, ಪಾಲಿಸದಿದ್ದರೂ ಹಾಯುತ್ತದೆ. ಆದ್ದರಿಂದ ಎರಡು ಗೆರೆಗಳಿಂದ ಸ್ಥಿರಾಂಕಗಳನ್ನು ಪಡೆದವನು ಸೂತ್ರವನ್ನು ಪರೀಕ್ಷಿಸಿಲ್ಲ, ಅದನ್ನು ನಂಬಿದ್ದಾನೆ ಅಷ್ಟೆ. ಪರೀಕ್ಷೆ ಆರಂಭವಾಗುವುದು ಮೂರನೆಯ ಗೆರೆಯಿಂದ.

ಎರಡು ನಿಜವಾದ ಗಾಜುಗಳನ್ನು ತೆಗೆದುಕೊಂಡು ನೋಡೋಣ. ಜರ್ಮನಿಯ ಶಾಟ್ ಸಂಸ್ಥೆ ತನ್ನ ಗಾಜುಗಳ ಸೂಚ್ಯಂಕಗಳನ್ನು ಐದು ದಶಾಂಶ ಸ್ಥಾನಗಳವರೆಗೆ ಪ್ರಕಟಿಸುತ್ತದೆ. ಅದರ ಬಿಕೆ7 ಎಂಬ ಕ್ರೌನ್ ಗಾಜಿಗೆ ಪಾದರಸದ ಹಸಿರು ಗೆರೆಯಲ್ಲಿ (546.1 ನ್ಯಾನೊಮೀಟರ್) ಸೂಚ್ಯಂಕ 1.51872, ನೇರಳೆ ಗೆರೆಯಲ್ಲಿ (404.7) 1.53024. ಇವೆರಡರಿಂದ ಬರುವ ಸೂತ್ರ:

n = 1.50469 + 0.00418/λ²

ಈಗ ನಾವು ಬಳಸದೆ ಉಳಿಸಿಕೊಂಡಿರುವ ನೀಲಿ ಗೆರೆಯನ್ನು (435.8) ಸಾಕ್ಷಿಯಾಗಿ ಕರೆಯೋಣ. ಸೂತ್ರದ ಪ್ರಕಾರ ಅಲ್ಲಿ ಸೂಚ್ಯಂಕ ಸುಮಾರು 1.52671 ಇರಬೇಕು; ಪಟ್ಟಿಯಲ್ಲಿರುವುದು 1.52668. ವ್ಯತ್ಯಾಸ 0.00003. ಕಾಲೇಜಿನ ಸ್ಪೆಕ್ಟ್ರೋಮೀಟರಿನ ವರ್ನಿಯರ್ ಒಂದು ಮಿನಿಟು ಕೋನವನ್ನು ತೋರಿಸುತ್ತದೆ. ಅರುವತ್ತು ಡಿಗ್ರಿಯ ಪ್ರಿಸಮ್ಮಿನಲ್ಲಿ ಒಂದು ಮಿನಿಟಿನ ತಪ್ಪು ಸೂಚ್ಯಂಕದಲ್ಲಿ ಹೆಚ್ಚುಕಡಿಮೆ 0.0002 ಆಗುತ್ತದೆ. ಅಂದರೆ ಈ ವ್ಯತ್ಯಾಸ ನಮ್ಮ ಉಪಕರಣದ ಕಣ್ಣಿಗೆ ಬೀಳುವುದೇ ಇಲ್ಲ. ಕ್ರೌನ್ ಗಾಜಿನ ಮಟ್ಟಿಗೆ ಎರಡು ಪದಗಳ ಸೂತ್ರ ತೇರ್ಗಡೆಯಾಯಿತು.

ಅದೇ ಸಂಸ್ಥೆಯ ಎಫ್2 ಎಂಬ, ಸೀಸ ಬೆರೆತ ಫ್ಲಿಂಟ್ ಗಾಜಿಗೆ ಇದೇ ಪರೀಕ್ಷೆಯನ್ನು ಒಡ್ಡೋಣ. ಹಸಿರಿಗೆ 1.62408, ನೇರಳೆಗೆ 1.65064. ಸೂತ್ರ ಹೀಗಾಗುತ್ತದೆ:

n = 1.59173 + 0.00965/λ²

ನೀಲಿ ಗೆರೆಗೆ ಇದು 1.64251 ಎನ್ನುತ್ತದೆ, ನಿಜವಾದ ಬೆಲೆ 1.64202. ವ್ಯತ್ಯಾಸ 0.00049, ಕೋನದಲ್ಲಿ ಸುಮಾರು ಮೂರು ಮಿನಿಟು. ಇದು ವರ್ನಿಯರಿನಲ್ಲಿ ಸ್ಪಷ್ಟವಾಗಿ ಕಾಣುವ ವ್ಯತ್ಯಾಸ. ಕಂಡೊಡನೆ ವಿದ್ಯಾರ್ಥಿ ಅದನ್ನು ಓದುವಿಕೆಯ ತಪ್ಪೆಂದು ತಳ್ಳಿಹಾಕುತ್ತಾನೆ. ಅದು ಓದುವಿಕೆಯ ತಪ್ಪಲ್ಲ, ಗಾಜಿನ ಸ್ವಭಾವ. ಗೊತ್ತುಮಾಡಿಕೊಳ್ಳುವುದು ಹೇಗೆಂದರೆ, ಓದುವಿಕೆಯ ತಪ್ಪು ಒಮ್ಮೆ ರೇಖೆಯ ಮೇಲೆ, ಒಮ್ಮೆ ಕೆಳಗೆ ಬೀಳುತ್ತದೆ. ಇಲ್ಲಿ ಹಾಗಲ್ಲ. ಎಷ್ಟು ಸಲ ಅಳೆದರೂ ನಡುವಿನ ಬಿಂದು ರೇಖೆಯ ಕೆಳಗೇ ಇರುತ್ತದೆ, ಕೆಂಪಿನ ಕಡೆಗೆ ಹೋದರೆ ಬಿಂದುಗಳು ರೇಖೆಯ ಮೇಲೇ ಇರುತ್ತವೆ. ನಿಜವಾದ ರೇಖೆ ತುಸು ಬಾಗಿದೆ ಎಂದೇ ಇದರ ಅರ್ಥ.

ಬಾಗಲು ಕಾರಣವಿದೆ. ಗಾಜು ನೇರಳಾತೀತ ಕಿರಣಗಳನ್ನು ಹೀರಿಕೊಳ್ಳುತ್ತದೆ. ಆ ಹೀರಿಕೆಯ ಎಲ್ಲೆಗೆ ಬೆಳಕು ಸಮೀಪಿಸಿದಷ್ಟೂ ಸೂಚ್ಯಂಕ ಕಡಿದಾಗಿ ಏರುತ್ತದೆ. ಕೋಶಿಯ ಸೂತ್ರ ಆ ಏರಿಕೆಯನ್ನು ದೂರದಿಂದ ನೋಡಿ ಬರೆದ ಶ್ರೇಣಿ. ಎಲ್ಲೆ ದೂರವಿದ್ದರೆ ಮೊದಲ ಎರಡು ಪದಗಳು ಸಾಕು. ಸೀಸ ಬೆರೆತ ಗಾಜಿನಲ್ಲಿ ಆ ಎಲ್ಲೆ ಗೋಚರ ಬೆಳಕಿನತ್ತ ಸರಿದು ಬರುತ್ತದೆ. ಆಗ ಬಿಟ್ಟುಬಿಟ್ಟ ಮೂರನೆಯ ಪದ ತನ್ನ ಇರವನ್ನು ತೋರಿಸತೊಡಗುತ್ತದೆ.

ಮೂರು ಮಿನಿಟಿನ ಈ ವ್ಯತ್ಯಾಸದಿಂದ ಏನು ಮುಳುಗಿಹೋಯಿತು ಎಂದು ನೀವು ಕೇಳಬಹುದು. ಸೂಚ್ಯಂಕವಷ್ಟೇ ಬೇಕಿದ್ದರೆ ಏನೂ ಮುಳುಗುವುದಿಲ್ಲ. ಆದರೆ ವರ್ಣವಿಭಜನ ಸಾಮರ್ಥ್ಯದ ಮಾತು ಬೇರೆ. ಅದರ ವ್ಯಾಖ್ಯೆ ಇದು:

ω = (n_F − n_C)/(n_d − 1)

ಸಿ ಮತ್ತು ಎಫ್ ಎಂಬುವು ಸೂರ್ಯನ ವರ್ಣಪಟಲದಲ್ಲಿ ಫ್ರಾನ್‌ಹೋಫರ್ ಗುರುತಿಸಿ ಅಕ್ಷರ ಕೊಟ್ಟ ಗೆರೆಗಳು. ಎರಡೂ ಜಲಜನಕದವು: ಒಂದು 656.3ರಲ್ಲಿರುವ ಕೆಂಪು, ಇನ್ನೊಂದು 486.1ರಲ್ಲಿರುವ ಹಸಿರುನೀಲಿ. ಡಿ ಎಂಬುದು 587.6ರಲ್ಲಿರುವ ಹೀಲಿಯಮ್ಮಿನ ಹಳದಿ. ಗಮನಿಸಿ, ಪಾದರಸದ ದೀಪದಲ್ಲಿ ಈ ಮೂರೂ ಇಲ್ಲ. ಸೂತ್ರದ ಅಂಶವಾದರೋ ಎರಡು ದೊಡ್ಡ ಸಂಖ್ಯೆಗಳ ಸಣ್ಣ ಅಂತರ. ನಮ್ಮ ಫ್ಲಿಂಟ್ ಗಾಜಿಗೆ ಅದು ಕೇವಲ 0.01705. ಅಲ್ಲಿ ಒಂದೊಂದು ಮಿನಿಟಿಗೂ ಬೆಲೆಯಿದೆ.

ಹಸಿರು–ನೇರಳೆಗಳಿಂದ ಪಡೆದ ಸೂತ್ರವನ್ನು ಕೆಂಪಿನವರೆಗೆ ಎಳೆದು ಲೆಕ್ಕ ಹಾಕಿದರೆ ಈ ಅಂತರ 0.01842 ಎಂದು ಬರುತ್ತದೆ. ಸಾಮರ್ಥ್ಯ 0.0275ರ ಬದಲು 0.0297 ಆಗುತ್ತದೆ. ಅಂದರೆ ಶೇಕಡಾ ಎಂಟರಷ್ಟು ಹೆಚ್ಚು. ನಾನು ಇಲ್ಲಿ ಬಳಸಿದ್ದು ಪಟ್ಟಿಯ ಶುದ್ಧ ಬೆಲೆಗಳನ್ನು. ಓದುವಿಕೆಯ ತಪ್ಪು ಲವಲೇಶವೂ ಇಲ್ಲ. ಇಷ್ಟೂ ತಪ್ಪು ಸೂತ್ರವನ್ನು ಅದು ಒಪ್ಪದ ಕಡೆಗೆ ಎಳೆದದ್ದರಿಂದ ಬಂದದ್ದು. ಕ್ರೌನ್ ಗಾಜಿಗೆ ಇದೇ ವಿಧಾನ ಶೇಕಡಾ ಒಂದರೊಳಗೇ ಸರಿಯಾದ ಉತ್ತರ ಕೊಡುತ್ತದೆ. ಅಪಾಯವಿರುವುದೇ ಇಲ್ಲಿ: ಒಂದು ಗಾಜಿನಲ್ಲಿ ನಂಬಿಕೆ ಗಳಿಸಿದ ವಿಧಾನ ಇನ್ನೊಂದು ಗಾಜಿನಲ್ಲಿ ಸದ್ದಿಲ್ಲದೆ ಕೈಕೊಡುತ್ತದೆ.

ಇದರ ಫಲ ಕಾಣುವುದು ಮಸೂರ ಮಾಡಹೊರಟಾಗ. ದೂರದರ್ಶಕದ ಮಸೂರದಲ್ಲಿ ಬಣ್ಣದ ಅಂಚು ಹೋಗಲಾಡಿಸಲು ಕ್ರೌನಿನ ಪೀನ ಮಸೂರಕ್ಕೆ ಫ್ಲಿಂಟಿನ ನಿಮ್ನ ಮಸೂರವನ್ನು ಜೋಡಿಸುತ್ತಾರಷ್ಟೆ. ಎರಡರ ಶಕ್ತಿಯನ್ನು ಹಂಚುವುದು ಈ ಸಾಮರ್ಥ್ಯಗಳ ಆಧಾರದಿಂದಲೇ. ಒಂದು ಮೀಟರ್ ಸಂಗಮದೂರದ ಜೋಡಿಗೆ ಸರಿಯಾದ ಬೆಲೆಗಳ ಪ್ರಕಾರ ಕ್ರೌನಿಗೆ 2.31, ಫ್ಲಿಂಟಿಗೆ −1.31 ಡಯಾಪ್ಟರ್ ಬೇಕು. ಫ್ಲಿಂಟಿನ ಬೆಲೆ ಮಾತ್ರ ಶೇಕಡಾ ಎಂಟು ತಪ್ಪಿದ್ದರೆ 2.10 ಮತ್ತು −1.10 ಎಂದು ಬರುತ್ತದೆ. ಹಾಗೆ ಮಾಡಿದ ಮಸೂರದಲ್ಲಿ ಕೆಂಪು ಮತ್ತು ನೀಲಿಯ ಸಂಗಮಬಿಂದುಗಳು ಎರಡೂವರೆ ಮಿಲಿಮೀಟರ್ ದೂರ ಉಳಿಯುತ್ತವೆ. ಒಂಟಿ ಕ್ರೌನ್ ಮಸೂರದಲ್ಲಿ ಆ ದೂರ ಸುಮಾರು ಹದಿನಾರು ಮಿಲಿಮೀಟರ್. ಆರರಲ್ಲೊಂದು ಪಾಲು ಬಣ್ಣ ಹಾಗೆಯೇ ಉಳಿಯಿತು. ಎರಡು ಗಾಜುಗಳನ್ನು ಉಜ್ಜಿದ ಶ್ರಮದಲ್ಲಿ ಅಷ್ಟು ಪಾಲು ವ್ಯರ್ಥ.

ಹಾಗಾದರೆ ಮೂರನೆಯ ಪದವನ್ನು ಸೇರಿಸಿದರಾಯಿತಲ್ಲ ಎಂದು ಅಧ್ಯಾಪಕರಾದ ನನ್ನ ಶಿಷ್ಯರು ಹೇಳಬಹುದು. ಹಸಿರು, ನೀಲಿ, ನೇರಳೆ ಮೂರನ್ನೂ ಬಳಸಿ λ⁴ ಪದವನ್ನು ಸೇರಿಸಿ ನೋಡಿದೆ. ತಪ್ಪು ಶೇಕಡಾ ಎಂಟರಿಂದ ಎರಡಕ್ಕೆ ಇಳಿಯಿತು, ನಿಜ. ಆದರೆ ಅದು ಪಟ್ಟಿಯ ಶುದ್ಧ ಬೆಲೆಗಳಿಂದ. ಪ್ರತಿ ಗೆರೆಯಲ್ಲೂ ಒಂದು ಮಿನಿಟು ಹೆಚ್ಚುಕಡಿಮೆಯಾದರೆ, ಕೆಂಪಿನತ್ತ ಎಳೆಯುವಾಗ ಅದು ಹಿಗ್ಗಿ ಫಲಿತಾಂಶದಲ್ಲಿ ಶೇಕಡಾ ನಾಲ್ಕರಷ್ಟು ಅನಿಶ್ಚಯವನ್ನು ತರುತ್ತದೆ. ಪದ ಹೆಚ್ಚಿದಷ್ಟೂ ರೇಖೆ ಬಿಂದುಗಳ ಮಾತನ್ನು ಹೆಚ್ಚು ಕೇಳುತ್ತದೆ, ಅವುಗಳ ಸುಳ್ಳನ್ನೂ ಸೇರಿಸಿ.

ಗಣಕಯಂತ್ರದಲ್ಲಿ ಎಲ್ಲ ಬಿಂದುಗಳಿಗೂ ರೇಖೆ ಹೊಂದಿಸಿ, ಹೊಂದಿಕೆಯ ಅಂಕ 0.99ಕ್ಕಿಂತ ಮೇಲಿದೆ ಎಂದು ತೋರಿಸುವವರೂ ಇದ್ದಾರೆ. ಮೇಲಿನ ಫ್ಲಿಂಟ್ ಗಾಜಿನ ಬಿಂದುಗಳಿಗೂ ಅಷ್ಟೇ ಅಂಕ ಬರುತ್ತದೆ. ಏಕೆಂದರೆ ಒಟ್ಟು ಏರಿಕೆಯ ಮುಂದೆ ಬಾಗು ತೀರ ಚಿಕ್ಕದು. ನೋಡಬೇಕಾದದ್ದು ಆ ಅಂಕವನ್ನಲ್ಲ. ಪ್ರತಿ ಬಿಂದುವೂ ರೇಖೆಯಿಂದ ಎಷ್ಟು ದೂರವಿದೆ, ಯಾವ ಪಕ್ಕದಲ್ಲಿದೆ ಎಂಬುದನ್ನು.

ಆದ್ದರಿಂದ ನನ್ನ ಆಗ್ರಹ ಇಷ್ಟೇ. ಒಂದು ಗೆರೆಯನ್ನು ಹೊಂದಿಕೆಯ ಹೊರಗಿಟ್ಟು ಅದರಿಂದ ಸೂತ್ರವನ್ನು ಪರೀಕ್ಷಿಸಿರಿ, ಆ ವ್ಯತ್ಯಾಸವನ್ನು ಕೋನದ ಮಿನಿಟುಗಳಲ್ಲಿ ರೆಕಾರ್ಡಿನಲ್ಲಿ ಬರೆಯಿಸಿರಿ. ವರ್ಣವಿಭಜನ ಸಾಮರ್ಥ್ಯ ಬೇಕಿದ್ದರೆ ಪಾದರಸದ ದೀಪದ ಪಕ್ಕದಲ್ಲಿ ಜಲಜನಕದ ನಳಿಕೆಯನ್ನು ಹೊತ್ತಿಸಿ ಸಿ ಮತ್ತು ಎಫ್ ಗೆರೆಗಳನ್ನು ನೇರವಾಗಿ ಅಳೆಯಿರಿ. ಆಗ ಒಂದೊಂದು ಮಿನಿಟಿನ ತಪ್ಪಿದ್ದರೂ ಫ್ಲಿಂಟಿನಲ್ಲಿ ಫಲಿತಾಂಶ ಶೇಕಡಾ ಎರಡಕ್ಕಿಂತ ಹೆಚ್ಚು ಅಲುಗುವುದಿಲ್ಲ. ಛೇದದಲ್ಲಿರುವ ಹಳದಿಯ ಬೆಲೆಯನ್ನು ಕೋಶಿಯ ಸೂತ್ರದಿಂದಲೇ ತೆಗೆಯಬಹುದು. ಎರಡು ಬದಿಯಲ್ಲೂ ಅಳೆದ ಬಿಂದುಗಳಿರುವಾಗ ನಡುವೆ ತುಂಬುವ ಕೆಲಸವನ್ನು ಅದು ನಿಷ್ಠೆಯಿಂದ ಮಾಡುತ್ತದೆ. ನಳಿಕೆ ಇಲ್ಲದ ಪ್ರಯೋಗಶಾಲೆಯಲ್ಲಿ, ಯಾವ ಎರಡು ಗೆರೆಗಳ ನಡುವಿನ ಸಾಮರ್ಥ್ಯವೆಂಬುದನ್ನು ಸಂಖ್ಯೆಯ ಪಕ್ಕದಲ್ಲೇ ಬರೆದು, ಪುಸ್ತಕದ ಬೆಲೆಯೊಡನೆ ಹೋಲಿಸುವುದನ್ನು ಕೈಬಿಡಿರಿ.

ಇದಕ್ಕೆಲ್ಲ ಪ್ರಯೋಗದ ಎರಡು ಗಂಟೆ ಸಾಲದು ಎನ್ನುವವರಿಗೆ ನನ್ನ ಉತ್ತರ: ಐದು ಗೆರೆಗಳನ್ನು ಅಳೆದು ಎರಡನ್ನು ಮಾತ್ರ ಬಳಸುವ ಬದಲು, ಅಳೆದ ಮೂರನೆಯದನ್ನು ಒಮ್ಮೆ ಸೂತ್ರದೊಡನೆ ಹೋಲಿಸಲು ಐದು ನಿಮಿಷ ಸಾಕು. ಕೈಯಲ್ಲಿರುವುದು ಕ್ರೌನೋ ಫ್ಲಿಂಟೋ ಎಂಬುದನ್ನು ಆ ಐದು ನಿಮಿಷವೇ ಹೇಳಿಬಿಡುತ್ತದೆ.