ತುಳಸಿ ಎಲಿ ಕೀಳಬ್ಯಾಡ್ರಿ, ಕುಡಿ ಕೀಳ್ರಿ

ಹೋದ ವರ್ಷ ಬ್ಯಾಸಿಗ್ಯಾಗ ಬ್ಯಾಡಗಿ ಕಡೆ ಬೀಗರ ಮನಿಗೆ ಹೋಗಿದ್ದೆ. ಅಂಗಳದಾಗ ತುಳಸಿ ಕಟ್ಟಿಗೆ ಹೊಸ ಬಣ್ಣ ಬಳದು, ರಂಗೋಲಿ ಹಾಕಿ ಚಂದ ಇಟ್ಟಿದ್ರು. ಗಿಡ ಮಾತ್ರ ಎದಿಮಟ ಎದ್ದು ಒಂದು ಕಡೆ ವಾಲಿತ್ತು. ಕೆಳಗ ಬರೇ ಕಡ್ಡಿ, ತುದಿಗೆ ನಾಕು ಎಲಿ, ಅದರ ಮ್ಯಾಲೆ ಒಣಗಿದ ಮಂಜರಿ. ‘ಏನು ಹಾಕಿದ್ರೂ ದಪ್ಪ ಆಗವಲ್ದು, ಒಂದು ಚಮಚ ಯೂರಿಯಾ ಹಾಕ್ಲೇನ್ರಿ?’ ಅಂತ ಬೀಗ್ತಿ ಕೇಳಿದ್ರು. ಯೂರಿಯಾ ಹಾಕಿದ್ರ ಇದ್ದ ಕಡ್ಡಿ ಇನ್ನೂ ಉದ್ದ, ಇನ್ನೂ ಮೆತ್ತಗ ಆಗ್ತೈತಿ, ಇದಕ್ಕ ಬೇಕಾಗಿದ್ದು ಕತ್ತರಿ ಅಂದೆ. ಅವರ ಮುಖ ಸಣ್ಣದಾತು. ‘ತುಳಸಿಗೆ ಕತ್ತರಿ ಹಚ್ಚೂದಾ?’

ಈ ಮಾತು ನಮ್ಮ ಕಡೆ ಹತ್ತು ಮನಿಯೊಳಗ ಒಂಬತ್ತರಲ್ಲಿ ಕೇಳ್ತೇವಿ. ನನಗ ಆಶ್ಚರ್ಯ ಏನಂದ್ರ, ಇದೇ ನಾವು ಹಿಂಗಾರಿ ಕಡ್ಲಿ ಹೊಲದಾಗ ಒಂದು ತಿಂಗಳ ಬೆಳಿ ಆಗ್ತಿದ್ದಂಗ ಕುಡಿ ಚೂಟತೇವಿ. ಚೂಟಿದ್ದನ್ನ ಪಲ್ಯ ಮಾಡಿ ಉಣ್ಣತೇವಿ, ಕಡ್ಲಿ ಗಿಡ ಪಕ್ಕಕ್ಕ ಟೊಂಗಿ ಒಡದು ಹರಡ್ತೈತಿ. ಅಲ್ಲಿ ಗೊತ್ತಿದ್ದ ವಿದ್ಯೆ ಅಂಗಳಕ್ಕ ಬರೂದ್ರಾಗ ಮರತುಹೋಗ್ತೈತಿ. ತುಳಸಿಯೂ ಅದೇ ಲೆಕ್ಕದ ಗಿಡ.

ಲೆಕ್ಕ ಹಿಂಗೈತಿ ನೋಡ್ರಿ. ತುಳಸಿ ಕಡ್ಡಿಯ ಪ್ರತಿ ಗೆಣ್ಣಿನಲ್ಲಿ ಎರಡು ಎಲೆ ಎದುರುಬದುರಾಗಿ ಇರುತ್ತವೆ. ಎರಡೂ ಎಲೆಯ ಬಗಲಲ್ಲಿ ಒಂದೊಂದು ಮೊಗ್ಗು ಮಲಗಿರುತ್ತದೆ. ತುದಿಯ ಕುಡಿ ಇರೋತನಕ ಅದು ಕೆಳಗಿನ ಮೊಗ್ಗುಗಳನ್ನ ಏಳಗೊಡೂದಿಲ್ಲ. ಕುಡಿ ತೆಗೆದರೆ ಅದರ ಕೆಳಗಿನ ಎರಡೂ ಮೊಗ್ಗು ಒಡೆದು ಒಂದು ಕಡ್ಡಿ ಎರಡಾಗ್ತೈತಿ. ಆ ಎರಡನ್ನೂ ಮತ್ತೆ ಚೂಟಿದ್ರ ನಾಕು, ಆಮ್ಯಾಲ ಎಂಟು. ತುದಿಯನ್ನ ಹಂಗೇ ಬಿಟ್ರ ಅದು ಮಂಜರಿ ಆಗ್ತೈತಿ, ಮಂಜರಿ ಬಂದ ತುದಿ ಮುಂದ ಬೆಳೆಯೂದಿಲ್ಲ. ಗಿಡದ ಶಕ್ತಿಯೆಲ್ಲ ಬೀಜದ ಕಡೆ ಹೋಗಿ ಕೆಳಗಿನ ಎಲೆ ಹಳದಿಯಾಗಿ ಉದರ್ತಾವು. ಬೀಜ ಬಲಿತರೆ ತನ್ನ ಕೆಲಸ ಮುಗೀತು ಅಂತ ಗಿಡ ಸೊರಗ್ತೈತಿ.

ಇನ್ನು ಶಾಸ್ತ್ರದ ಮಾತು. ತುಳಸಿ ದಳ ಏರಿಸಬೇಕು ಅಂದ್ರ ನಮ್ಮ ಹಿರಿಯರು ಒಂಟಿ ಎಲಿ ಹರಕೊಂಡು ಬರ್ತಿರಲಿಲ್ಲ, ಎಳೆ ಕುಡಿಯನ್ನೇ ಎರಡು ಜೋಡಿ ಎಲಿ ಸಮೇತ ತರ್ತಿದ್ರು. ಮಂಜರಿಯನ್ನೂ ದೇವರಿಗೆ ಏರಿಸ್ತಿದ್ರು. ಅಂದ್ರ ದಿನಾ ಪೂಜೆ ನಡೆಯೋ ಮನಿಯಲ್ಲಿ ಗಿಡ ತಾನಾಗಿ ಚೂಟಿಸಿಕೊಳ್ತಿತ್ತು. ಈಗ ಕೈಗೆ ಸಿಕ್ಕ ಕೆಳಗಿನ ಎಲಿ ಬಿಡಿಬಿಡಿಯಾಗಿ ಹರೀತೇವಿ, ಕುಡಿ ಮುಟ್ಟೂದಿಲ್ಲ. ಕೆಳಗ ಬೋಳಾಗಿ ಮ್ಯಾಲೆ ಏರಲಾರದ ಏನು ಮಾಡೀತು? ಏಕಾದಶಿ, ದ್ವಾದಶಿ, ಐತವಾರ ಮುಟ್ಟಬಾರದು ಅನ್ನೋರು ಆ ದಿನ ಬಿಡ್ರಿ, ವಾರದಾಗ ಬ್ಯಾರೆ ದಿನ ಅದಾವು. ಉಗುರು ತಾಗಿಸಬಾರದು ಅನ್ನೋರು ಬೆರಳ ತುದಿಯಲ್ಲಿ ಹಿಡಿದು ಬಗ್ಗಿಸ್ರಿ, ಎಳೆ ಕುಡಿ ಚಟಕ್ಕನೆ ಮುರೀತೈತಿ. ಮುರೀದ ಬಗ್ಗಿತು ಅಂದ್ರ ನೀವು ಬಲಿತ ಜಾಗ ಹಿಡಿದೀರಿ.

ಆದ್ರ ಕತ್ತರಿಗಿಂತ ಮೊದಲು ಒಂದು ನೋಡಬೇಕು. ಗಿಡ ಉದ್ದಾಗಿದ್ದು ಚೂಟದೇ ಇದ್ದುದಕ್ಕೋ, ನೆರಳಿಗೋ? ನೆರಳಿನ ಗಿಡದಲ್ಲಿ ಗೆಣ್ಣಿನಿಂದ ಗೆಣ್ಣಿಗೆ ಅಂತರ ಬಹಳ ಇರುತ್ತದೆ, ಎಲೆ ಅಗಲಾಗಿ ತೆಳ್ಳಗೆ ಇರುತ್ತದೆ, ಇಡೀ ಗಿಡ ಬೆಳಕಿನ ಕಡೆ ವಾಲಿರುತ್ತದೆ. ಅದನ್ನ ಎಷ್ಟು ಚೂಟಿದರೂ ಎರಡು ಸಣಕಲು ಕಡ್ಡಿ ನಾಕು ಸಣಕಲು ಕಡ್ಡಿ ಆಗ್ತಾವು, ಅಷ್ಟ. ದಿನಕ್ಕ ಐದಾರು ತಾಸು ನೇರ ಬಿಸಿಲು ಬೀಳೋ ಕಡೆ ಇಟ್ಟ ಮ್ಯಾಲೆ ಉಳಿದ ಮಾತು. ಗೆಣ್ಣಿನ ಅಂತರ ಸರಿ ಇದ್ದು ಪ್ರತಿ ತುದಿಗೂ ಮಂಜರಿ ಕುಂತಿದ್ರ ಮಾತ್ರ ತಪ್ಪು ನಮ್ಮ ಕೈಯದು. ಬೀಗರ ಮನಿಯಾಗ ಎರಡೂ ಇತ್ತು. ಪಕ್ಕದಾಗ ಹೊಸದಾಗಿ ಹಾಕಿದ ತಗಡಿನ ಚಪ್ಪರ ಮಧ್ಯಾಹ್ನದ ಮ್ಯಾಲಿನ ಬಿಸಿಲು ತಡೀತಿತ್ತು. ಕಟ್ಟಿ ಸರಿಸಾಕ ಬರೂದಿಲ್ಲ, ಬೀಗರು ಎರಡು ತಗಡು ತೆಗದ್ರು.

ಬ್ಯಾಸಿಗಿ ಉರಿಯೊಳಗ ದೊಡ್ಡ ಕತ್ತರಿ ಬ್ಯಾಡ ಅಂತ ಅವತ್ತು ಮಂಜರಿ ಅಷ್ಟೇ ತೆಗೆದು ಬಂದೆ. ಮಿರಗ ಹೂಡಿ ಎರಡು ಮಳಿ ಆದ ಮ್ಯಾಲೆ, ಎಲೆ ಒಣಗಿದ್ದ ಒಂದು ದಿನ ನೋಡಿ ಹೋದೆ. ಗಿಡ ಮೂರೂವರೆ ಅಡಿ ಇತ್ತು, ಎಲೆ ಶುರು ಆಗಿದ್ದೇ ಎರಡು ಅಡಿ ಮ್ಯಾಲೆ. ಇಲ್ಲೇ ನಾನು ಒಮ್ಮೆ ನಮ್ಮ ಮನಿ ಗಿಡ ಕೊಂದಿದ್ದು. ಗಿಡ್ಡ ಮಾಡೋ ಆಸೆಗೆ ಗೇಣುದ್ದ ಬೋಳು ಕಟ್ಟಿಗಿ ಬಿಟ್ಟು ಎಲ್ಲಾ ಕಡದಿದ್ದೆ, ಬಲಿತ ಕಟ್ಟಿಗಿಯಿಂದ ಒಂದು ಮೊಗ್ಗೂ ಏಳಲಿಲ್ಲ. ಅದಕ್ಕ ಇಲ್ಲಿ ಒಮ್ಮೆಲೆ ಇಳಿಸಲಿಲ್ಲ. ಪ್ರತಿ ಟೊಂಗಿಯಲ್ಲಿ ಎರಡು ಜೋಡಿ ಹಸಿರು ಎಲೆ ಉಳಿಸಿ, ಗೆಣ್ಣಿನ ಮ್ಯಾಲೆ ಒಂದು ಕಾಳಿನಷ್ಟು ಬಿಟ್ಟು ಕತ್ತರಿಸಿದೆ. ಒಟ್ಟು ಹಸಿರಿನಾಗ ಮೂರರಲ್ಲಿ ಒಂದು ಪಾಲು ಹೋತು. ಬುಡಕ್ಕ ಎರಡು ಬೊಗಸಿ ಹಳೆ ತಿಪ್ಪಿಗೊಬ್ಬರ, ಮತ್ತೇನೂ ಇಲ್ಲ.

ಹತ್ತು ದಿನದೊಳಗ ಬಗಲ ಮೊಗ್ಗು ಒಡದ್ವು. ಅದರ ಸಂಗಡ ಕೆಳಗಿನ ಬೋಳು ಕಡ್ಡಿಯಲ್ಲೂ ಎರಡು ಕಡೆ ಸಣ್ಣ ಚಿಗುರು ಕಾಣಿಸಿತು. ಬಿಸಿಲು ಬಿದ್ದಿದ್ದಕ್ಕ, ಮ್ಯಾಲಿನ ತುದಿ ಹೋಗಿದ್ದಕ್ಕ ಎದ್ದಾವು ಅಂತ ನನ್ನ ಲೆಕ್ಕ. ಎಲ್ಲಾ ಗಿಡದಾಗ ಹಿಂಗ ಆಗ್ತೈತಿ ಅಂತ ಹೇಳಲಾರೆ. ಆ ಕೆಳಗಿನ ಚಿಗುರು ಗೇಣುದ್ದ ಆಗೋತನಕ ಕಾಯಾಕ ಹಚ್ಚಿದೆ. ಆಮ್ಯಾಲ ಅದರ ಮ್ಯಾಲಿನ ಉದ್ದ ಕಡ್ಡಿ ಇಳಿಸಿದ್ವಿ. ಅಲ್ಲಿಂದ ಬೀಗ್ತಿಯೇ ನೋಡಿಕೊಂಡ್ರು: ಹೊಸ ಟೊಂಗಿಗೆ ನಾಕು ಜೋಡಿ ಎಲಿ ಬಂದ ಕೂಡಲೆ ತುದಿಯ ಒಂದು ಜೋಡಿ ಪೂಜೆಗೆ, ಮಂಜರಿ ಎಳೆಯದಿದ್ದಾಗಲೇ ಕೆಳಗಿನ ಒಂದು ಜೋಡಿ ಎಲಿ ಸಮೇತ ದೇವರಿಗೆ. ದೀವಳಿಗಿಗೆ ಮೂರು ನಾಕು ವಾರ ಇರೂವಾಗ ಚೂಟೂದು ನಿಲ್ಲಿಸಿದ್ರು. ತುಳಸಿ ಲಗ್ನದ ಹೊತ್ತಿಗೆ ಗಿಡ ಎರಡು ಅಡಿ ಎತ್ತರ, ಅಷ್ಟೇ ಅಗಲ. ಲಗ್ನಕ್ಕ ಕಬ್ಬು ಕಟ್ಟಾಕ ಜಾಗ ಸಾಲದಾತು ಅಂತ ಫೋನ್ ಮಾಡಿ ದೂರಿದ್ರು. (ಹಣತಿ ಮಾತ್ರ ಗೂಡಿನೊಳಗ ಇಡ್ರಿ. ಗಿಡದ ಬುಡಕ್ಕ ದೀಪ ಹಚ್ಚಿ ಟೊಂಗಿ ಸುಟ್ಟುಕೊಂಡ ಮನಿ ನಾಕು ನೋಡೇನಿ.)

ಹೊಲದಾಗ ತುಳಸಿ ಹಾಕೋ ವಿಚಾರ ಇದ್ದವರಿಗೆ ಒಂದು ಮಾತು. ಎಣ್ಣಿ ತೆಗಿಯಾಕ ಬೆಳೆಯೋದಾದ್ರ ಈ ಲೆಕ್ಕ ತಿರುಗಾಮುರುಗಾ. ಎಣ್ಣಿಗೆ ಪೂರ್ತಿ ಹೂ ಬಂದ ಹೊತ್ತಿನಲ್ಲೇ ಕೊಯ್ಯೋದು, ಅಲ್ಲಿ ಮಂಜರಿ ಚೂಟಿದ್ರ ನಷ್ಟ. ನಾಟಿ ಮಾಡಿ ಸುಮಾರು 90 ದಿನಕ್ಕ ಮೊದಲ ಕೊಯ್ಲು, ನೆಲದಿಂದ 15–20 ಸೆಂಟಿಮೀಟರ್ ಬಿಟ್ಟು ಕೊಯ್ದ್ರ ಮತ್ತ ಚಿಗುರ್ತೈತಿ. ಎಳೆ ಬೆಳಿಯಾಗಿರೂದ್ರಿಂದ ಅಲ್ಲಿ ಅಷ್ಟು ಕೆಳಗ ಕೊಯ್ದ್ರೂ ನಡೀತೈತಿ. ಕಟ್ಟಿ ಮ್ಯಾಲಿನ ಮೂರು ವರ್ಷದ ಮುದಿ ಗಿಡಕ್ಕ ಹಂಗ ಮಾಡಾಕ ಹೋಗಬ್ಯಾಡ್ರಿ. ಮುದಿ ಗಿಡ ಇದ್ದವರು ಒಣ ಮಂಜರಿ ತಿಕ್ಕಿ ಬೀಜ ತೆಗೆದು ಬ್ಯಾರೆ ಸಸಿ ಎಬ್ಬಿಸೂದು ಜಾಣತನ. ಸಸಿಗೆ ನಾಕೈದು ಜೋಡಿ ಎಲಿ ಆದಾಗಲೇ ಮೊದಲ ಕುಡಿ ಚೂಟ್ರಿ.

ಬೀಗರ ಗಿಡದಿಂದ ಅವತ್ತು ಕತ್ತರಿಸಿದ ಟೊಂಗಿಗಳನ್ನ ನಾನು ಒಗೀಲಿಲ್ಲ. ಹೂ ಇಲ್ಲದ ಆರು ತುಂಡು ಆರಿಸಿ, ಕೆಳಗಿನ ಎಲಿ ತೆಗೆದು, ನೆರಳಿನಲ್ಲಿ ಹಸಿ ಉಸುಕಿನ್ಯಾಗ ಊರಿದೆ. ನಾಕು ಹಿಡದ್ವು. ಒಂದು ಈಗ ನಮ್ಮ ಕಟ್ಟಿ ಮ್ಯಾಲೆ ಐತಿ, ಎರಡು ಓಣಿಯವರು ಒಯ್ದ್ರು, ಒಂದು ಆಡು ತಿಂತು.