ಸೆಸ್ ಕಟ್ಟುವವರೊಬ್ಬರು, ಹೊರುವವರೊಬ್ಬರು



ಮಾರುಕಟ್ಟೆ ಸಮಿತಿಯ ಶುಲ್ಕದ ಮಾತು ಬಂದಾಗಲೆಲ್ಲ ಹಳ್ಳಿಗಳಲ್ಲಿ ಒಂದು ಉತ್ತರ ತಪ್ಪದೆ ಕೇಳಿಬರುತ್ತದೆ. “ಸೆಸ್ ಕಟ್ಟುವವನು ಖರೀದಿದಾರ. ಅದು ಹೆಚ್ಚಾದರೆ ನಮಗೇನು, ಕಡಿಮೆಯಾದರೆ ನಮಗೇನು?” ಕಾನೂನಿನ ಮಟ್ಟಿಗೆ ಈ ಮಾತು ಸರಿ. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಮಾರುಕಟ್ಟೆ ಶುಲ್ಕವನ್ನು ವಸೂಲು ಮಾಡುವುದು ಮಾಲು ಕೊಂಡವನಿಂದ, ಮಾರಿದವನಿಂದಲ್ಲ. ರಸೀದಿಯೂ ಅವನ ಹೆಸರಿಗೇ ಆಗುತ್ತದೆ. ಆದರೆ ರಸೀದಿ ಯಾರ ಹೆಸರಿನಲ್ಲಿದೆ ಎಂಬುದು ಒಂದು ಸಂಗತಿ, ಆ ಹಣ ಕೊನೆಗೆ ಯಾರ ಗಂಟಿನಿಂದ ಹೋಯಿತು ಎಂಬುದು ಬೇರೆಯೇ ಸಂಗತಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ತೆರಿಗೆಯ ವಿಚಾರದಲ್ಲಿ ಎಷ್ಟೋ ಸಲ ನಿಜವಾಗುತ್ತದೆ.

ಮೆಕ್ಕೆಜೋಳದ ಒಂದು ಲೆಕ್ಕವನ್ನೇ ನೋಡೋಣ. ದಾವಣಗೆರೆ, ಹಾವೇರಿ ಕಡೆಯ ಮೆಕ್ಕೆಜೋಳ ತಮಿಳುನಾಡಿನ ನಾಮಕ್ಕಲ್ ಸುತ್ತಿನ ಕೋಳಿ ಸಾಕಣೆಗೂ ಹೋಗುತ್ತದೆಂದು ನೀವು ಬಲ್ಲಿರಿ. ಅಲ್ಲಿನ ಕೋಳಿ ಆಹಾರದ ಗಿರಣಿಯೊಂದು ತನ್ನ ಬಾಗಿಲಿಗೆ ತಂದು ಹಾಕಿದ ಮಾಲಿಗೆ ಕ್ವಿಂಟಾಲಿಗೆ 2,400 ರೂಪಾಯಿ ಕೊಡುತ್ತದೆಂದು ಇಟ್ಟುಕೊಳ್ಳಿ. ಈ ಅಂಕಿಗಳೆಲ್ಲ ಲೆಕ್ಕಕ್ಕಾಗಿ ಹಾಕಿಕೊಂಡವು. ನಿಮ್ಮ ಊರಿನ ಅಂಕಿಗಳನ್ನು ಹಾಕಿದರೂ ದಾರಿ ಇದೇ.

ನಿಮ್ಮ ರಾಶಿಯ ಮುಂದೆ ನಿಂತ ಖರೀದಿದಾರನು ಮೊದಲು ಎಣಿಸುವುದು ಆ 2,400ನ್ನು. ಅದರಿಂದ ಹಿಂದಕ್ಕೆ ಕಳೆಯುತ್ತ ಬರುತ್ತಾನೆ. ಲಾರಿ ಬಾಡಿಗೆ 150, ಚೀಲ, ಹಮಾಲಿ ಮತ್ತು ಒಣಗಿ ತಗ್ಗುವ ತೂಕಕ್ಕೆ 47, ದಲಾಲಿ 42, ತನ್ನ ಲಾಭ 40. ಒಟ್ಟು 279 ಕಳೆದರೆ 2,121 ಉಳಿಯುತ್ತದೆ. ಶುಲ್ಕವೇ ಇಲ್ಲದಿದ್ದರೆ ಅವನು ಟೆಂಡರಿನಲ್ಲಿ 2,121ರವರೆಗೂ ಬರೆಯಬಲ್ಲ. ಶುಲ್ಕದ ದರವನ್ನು ಸರ್ಕಾರ ಕಾಲಕಾಲಕ್ಕೆ ಬದಲಿಸುತ್ತದೆ, ನಮ್ಮ ಲೆಕ್ಕಕ್ಕೆ ಅದು ನೂರಕ್ಕೆ ಒಂದು ರೂಪಾಯಿ ಎನ್ನೋಣ. ಆಗ ಅವನು 2,100 ಬರೆಯುತ್ತಾನೆ. 2,100 ನಿಮಗೆ, 21 ಸಮಿತಿಗೆ, ಒಟ್ಟು ಅದೇ 2,121. ಶುಲ್ಕ ಕಟ್ಟಿದವನು ಅವನೇ, ರಸೀದಿಯೂ ಅವನದೇ. ಆದರೆ ಅವನ 40 ರೂಪಾಯಿ ಲಾಭ ಹಾಗೆಯೇ ಇದೆ, ಗಿರಣಿಯ ದರವೂ ಹಾಗೆಯೇ ಇದೆ. ಕಡಿಮೆಯಾದದ್ದು ನಿಮ್ಮ ಧಾರಣೆ. 50 ಕ್ವಿಂಟಾಲ್ ತಂದವರಿಗೆ ಇದು 1,050 ರೂಪಾಯಿ.

ಇನ್ನು ಕಾನೂನನ್ನು ತಿರುವಿಹಾಕಿ ನೋಡಿ. ಶುಲ್ಕವನ್ನು ಕೊಳ್ಳುವವನಿಂದಲ್ಲ, ರೈತನಿಂದಲೇ ವಸೂಲು ಮಾಡಬೇಕೆಂದು ಕಾಯಿದೆಯಾಯಿತು ಎನ್ನಿ. ಆಗ ಖರೀದಿದಾರನು 2,121 ಬರೆಯುತ್ತಾನೆ. ನಿಮ್ಮ ಲೆಕ್ಕದ ಪಟ್ಟಿಯಲ್ಲಿ 21 ರೂಪಾಯಿ ಚಿಲ್ಲರೆ ಮುರಿಯುತ್ತಾರೆ. ಕೈಗೆ ಬರುವುದು ಅದೇ 2,100. ಕಾನೂನು ತಲೆಕೆಳಗಾದರೂ ನಿಮ್ಮ ಕೈಗೆ ಬಂದ ಹಣ ಬದಲಾಗಲಿಲ್ಲ. ವ್ಯತ್ಯಾಸ ಇಷ್ಟೇ: ಆಗ ಕಳೆದದ್ದು ಪಟ್ಟಿಯಲ್ಲಿ ಕಾಣುತ್ತಿತ್ತು, ಈಗ ಬಿಡ್ಡಿನೊಳಗೇ ಅಡಗಿರುವುದರಿಂದ ಕಾಣುವುದಿಲ್ಲ. ಕಾನೂನು ಹೇಳುವುದು ಹಣವನ್ನು ಯಾರು ಒಯ್ದು ಕಟ್ಟಬೇಕು ಎಂಬುದನ್ನು ಮಾತ್ರ. ಯಾರು ಹೊರಬೇಕು ಎಂಬುದನ್ನು ತೀರ್ಮಾನಿಸುವುದು ವ್ಯಾಪಾರ.

ಹಾಗಾದರೆ ಭಾರವೆಲ್ಲ ಯಾವಾಗಲೂ ರೈತನ ಮೇಲೆಯೇ ಬೀಳುತ್ತದೆಯೇ? ಹಾಗೇನೂ ಇಲ್ಲ. ಅದಕ್ಕೊಂದು ನಿಯಮವಿದೆ. ‘ಈ ದರ ನನಗೆ ಬೇಡ’ ಎಂದು ಎದ್ದುಹೋಗಲು ಯಾರಿಗೆ ಸುಲಭವೋ ಅವರ ಮೇಲೆ ಭಾರ ಕಡಿಮೆ. ಯಾರಿಗೆ ಎದ್ದುಹೋಗಲು ಜಾಗವಿಲ್ಲವೋ ಅವರ ಮೇಲೆ ಹೆಚ್ಚು.

ಗಿರಣಿಯವನ ಸ್ಥಿತಿಯನ್ನು ನೋಡಿ. ನಮ್ಮ ಜೋಳಕ್ಕೆ 21 ರೂಪಾಯಿ ಹೆಚ್ಚು ಕೇಳಿದರೆ ಅವನು ಆಂಧ್ರದ ಜೋಳವನ್ನೋ ಬಿಹಾರದ ಜೋಳವನ್ನೋ ತರಿಸುತ್ತಾನೆ. ಆದ್ದರಿಂದ ನಮ್ಮ ರಾಜ್ಯದ ಶುಲ್ಕವನ್ನು ಅವನ ಮೇಲೆ ಹೊರಿಸುವುದು ಕಷ್ಟ. ಖರೀದಿದಾರನೂ ಅಷ್ಟೇ. 40 ರೂಪಾಯಿ ಸಿಗದಿದ್ದರೆ ತನ್ನ ಬಂಡವಾಳವನ್ನು ಶೇಂಗಾಕ್ಕೋ ಹತ್ತಿಗೋ ಹಾಕುತ್ತಾನೆ. ನೀವೋ? ಬೆಳೆ ಕೊಯ್ದಾಗಿದೆ, ಒಕ್ಕಿಯಾಗಿದೆ, ಟ್ರಾಕ್ಟರ್ ಬಾಡಿಗೆ ಕೊಟ್ಟು ಯಾರ್ಡಿಗೆ ತಂದಾಗಿದೆ. ಜೋಳದಲ್ಲಿ ತೇವ ಇನ್ನೂ ಹೆಚ್ಚಿದ್ದರೆ ರಾಶಿ ಹಾಕಿಟ್ಟಲ್ಲಿ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ಸಂಘದ ಸಾಲದ ಕಂತು ಬೇರೆ. ಹೀಗಿರುವಾಗ ಆ ದಿನ ಆ ಜಾಗದಲ್ಲಿ ಎದ್ದುಹೋಗಲಾಗದವರು ನೀವೊಬ್ಬರೇ. ಟೊಮೇಟೊ ಬೆಳೆದವರ ಪಾಡು ಇನ್ನೂ ಬಿಗಿಯಾದದ್ದು, ಏಕೆಂದರೆ ಅದನ್ನು ವಾಪಸು ಒಯ್ದರೆ ಮಾರನೆಯ ದಿನ ಅದು ಮಾಲೇ ಅಲ್ಲ.

ಇದೇ ಮೆಕ್ಕೆಜೋಳವನ್ನು ನೂರಕ್ಕೆ ಹದಿನಾಲ್ಕರೊಳಗಿನ ತೇವಕ್ಕೆ ಒಣಗಿಸಿ, ಉಗ್ರಾಣದಲ್ಲಿಟ್ಟು, ಆ ರಸೀದಿಯ ಮೇಲೆ ಸಾಲ ಪಡೆದು ಎರಡು ತಿಂಗಳು ಕಾಯಬಲ್ಲವನ ಮಾತೇ ಬೇರೆ. ಅವನಿಗೆ ಎದ್ದುಹೋಗಲು ಜಾಗವಿದೆ. ಹಾಗೆಯೇ ದೇಶದಲ್ಲೆಲ್ಲ ಜೋಳ ಕಡಿಮೆಯಾದ ವರ್ಷದಲ್ಲಿ ಗಿರಣಿಗೆ ಬೇರೆ ದಾರಿ ಉಳಿಯುವುದಿಲ್ಲ. ಆಗ ಶುಲ್ಕದ ಒಂದು ಪಾಲು ಗಿರಣಿಯ ಮೇಲೆ, ಅಲ್ಲಿಂದ ಮೊಟ್ಟೆ ತಿನ್ನುವವರ ಮೇಲೆ ಸರಿಯುತ್ತದೆ. ಒಟ್ಟಿನಲ್ಲಿ ಭಾರವೆಲ್ಲ ಒಬ್ಬರ ಮೇಲೆಯೇ ನಿಲ್ಲುವುದು ಅಪರೂಪ, ಅದು ಹಂಚಿಹೋಗುತ್ತದೆ. ನಿಮ್ಮ ಪಾಲು ಎಷ್ಟೆಂಬುದು ಬೆಳೆಯಿಂದ ಬೆಳೆಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ.

ಭಾರ ರೈತನ ಮೇಲೆ ಬೀಳದ ಸಂದರ್ಭವೂ ಒಂದಿದೆ. ಪಂಜಾಬಿನಲ್ಲಿ ಗೋಧಿ, ಭತ್ತಗಳನ್ನು ಬಹುಪಾಲು ಸರ್ಕಾರವೇ ಬೆಂಬಲ ಬೆಲೆಗೆ ಕೊಳ್ಳುತ್ತದೆ. ಬೆಂಬಲ ಬೆಲೆ ಮೊದಲೇ ಗೊತ್ತಾದದ್ದು. ಮಾರುಕಟ್ಟೆ ಶುಲ್ಕವೆಷ್ಟೇ ಇರಲಿ, ಅದನ್ನು ರೈತನ ಧಾರಣೆಯಲ್ಲಿ ಮುರಿಯಲು ಬರುವುದಿಲ್ಲ. ಆದ್ದರಿಂದ ಅಲ್ಲಿನ ಶುಲ್ಕಗಳು ಕೊಳ್ಳುವ ಸರ್ಕಾರದ ಖಜಾನೆಯ ಮೇಲೆಯೇ ಬೀಳುತ್ತವೆ. ಅಲ್ಲಿನ ಗ್ರಾಮೀಣಾಭಿವೃದ್ಧಿ ಶುಲ್ಕದ ಬಗ್ಗೆ ಕೇಂದ್ರಕ್ಕೂ ಪಂಜಾಬ್ ಸರ್ಕಾರಕ್ಕೂ ತಗಾದೆ ಬೆಳೆದು, 2023ರಲ್ಲಿ ಅದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಹೊರುವವರು ಯಾರೋ ಜಗಳಕ್ಕೆ ಬರುವವರೂ ಅವರೇ. ನಮ್ಮ ಮೆಕ್ಕೆಜೋಳದ ಶುಲ್ಕಕ್ಕಾಗಿ ನಾವು ಜಗಳಕ್ಕೆ ಹೋಗದಿರುವುದು ಅದು ನಮ್ಮ ಮೇಲಿಲ್ಲವೆಂದಲ್ಲ, ನಮ್ಮ ಕಣ್ಣಿಗೆ ಕಾಣುವುದಿಲ್ಲವೆಂದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಿಡ್ಡಿನೊಳಗೆ ಅಡಗಿದ ಶುಲ್ಕ ಬೇರೆ, ಪಟ್ಟಿಯಲ್ಲಿ ನೇರವಾಗಿ ಮುರಿದುಕೊಳ್ಳುವುದು ಬೇರೆ. ಖರೀದಿದಾರನು ಲೆಕ್ಕಹಾಕಿ ಕಡಿಮೆ ಬರೆಯುವುದು ಅಪರಾಧವಲ್ಲ, ಅದು ವ್ಯಾಪಾರ. ಆದರೆ ಮಾರುಕಟ್ಟೆ ಶುಲ್ಕವನ್ನೋ ದಲಾಲಿಯನ್ನೋ ನಿಮ್ಮ ಪಟ್ಟಿಯಲ್ಲಿ ಮುರಿದರೆ ಅದು ಅಕ್ರಮ, ಏಕೆಂದರೆ ಬಿಡ್ ಬರೆಯುವಾಗಲೇ ಅದನ್ನು ಒಮ್ಮೆ ಕಳೆದಾಗಿದೆ. ಪಟ್ಟಿಯಲ್ಲಿ ಮತ್ತೆ ಮುರಿದರೆ ಒಂದೇ ಭಾರವನ್ನು ನೀವು ಎರಡು ಸಲ ಹೊತ್ತಂತೆ. ಪಟ್ಟಿಯ ಪ್ರತಿ ಸಾಲನ್ನೂ ಓದಿಸಿಕೊಳ್ಳಿ. ಅಂಥ ಸಾಲು ಕಂಡರೆ ಪಟ್ಟಿಯ ಸಮೇತ ಸಮಿತಿಯ ಕಾರ್ಯದರ್ಶಿಗೆ ಬರಹದಲ್ಲಿ ದೂರು ಕೊಡಿ.

ಇದೇ ಲೆಕ್ಕವನ್ನು ಹಿಡಿದು, ಶುಲ್ಕ ಇಳಿಸಿದರೆ ಇಳಿಸಿದಷ್ಟೂ ನಮಗೆ ಬರುತ್ತದೆ ಎಂದುಕೊಂಡರೂ ತಪ್ಪಾದೀತು. ಒಂದು ರಾಶಿಗೆ ಎಂಟು ಹತ್ತು ಮಂದಿ ಟೆಂಡರ್ ಬರೆಯುವ ಯಾರ್ಡಿನಲ್ಲಿ ಒಬ್ಬನು 21 ರೂಪಾಯಿ ತಾನೇ ಇಟ್ಟುಕೊಳ್ಳಲು ಹೋದರೆ ಇನ್ನೊಬ್ಬನು ಹೆಚ್ಚು ಬರೆದು ಮಾಲು ಒಯ್ಯುತ್ತಾನೆ. ಅಲ್ಲಿ ಇಳಿತ ನಿಮ್ಮ ಕೈಸೇರುವ ಸಂಭವ ಹೆಚ್ಚು. ಇಬ್ಬರೋ ಮೂವರೋ ಇದ್ದು, ಅವರೂ ಒಳಗೊಳಗೆ ಮಾತಾಡಿಕೊಂಡಿದ್ದರೆ ಆ 21ರ ದೊಡ್ಡ ಪಾಲು ಅವರಲ್ಲೇ ಉಳಿಯುತ್ತದೆ. ಆದ್ದರಿಂದ ಶುಲ್ಕದ ದರದ ಜೊತೆಗೆ ನಿಮ್ಮ ಯಾರ್ಡಿನಲ್ಲಿ ಬರೆಯುವವರು ಎಷ್ಟು ಮಂದಿ ಎಂಬುದನ್ನೂ ಕೇಳಬೇಕು.

ನಿಮ್ಮ ಊರಿನಲ್ಲಿ ಭಾರ ಯಾರ ಮೇಲಿದೆ ಎಂದು ಕಂಡುಕೊಳ್ಳುವುದು ಹೇಗೆ? ಶುಲ್ಕದ ದರ ಬದಲಾಗುವ ಸಮಯವೇ ಅದಕ್ಕೆ ತಕ್ಕದ್ದು. ವಾಚನಾಲಯದಲ್ಲಿ ಒಂದು ನೋಟುಪುಸ್ತಕ ಇಡಿ. ಒಂದು ಕಡೆ ನಿಮ್ಮ ಯಾರ್ಡಿನ ಧಾರಣೆ, ಇನ್ನೊಂದು ಕಡೆ ಅದೇ ಜೋಳಕ್ಕೆ ದೂರದ ಗಿರಣಿ ಬಾಗಿಲಿನ ದರ. ಎರಡೂ ಒಂದೇ ಗುಣಮಟ್ಟದ, ಒಂದೇ ತೇವದ ಮಾಲಿನದಾಗಿರಲಿ. ದರ ಬದಲಾಗುವ ಮೊದಲು ನಾಲ್ಕು ವಾರ, ಬದಲಾದ ಮೇಲೆ ನಾಲ್ಕು ವಾರ ಬರೆದು ಎರಡರ ನಡುವಿನ ಅಂತರವನ್ನು ನೋಡಿ. ಶುಲ್ಕ ಇಳಿದಷ್ಟೂ ಅಂತರ ಕುಗ್ಗಿದ್ದರೆ ಅದುವರೆಗೆ ಹೊತ್ತವರು ನೀವು. ಕುಗ್ಗದೆ ಹಾಗೆಯೇ ಇದ್ದರೆ, ಬಾಡಿಗೆ ಮೊದಲಾದ ಖರ್ಚು ಏರಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಇಳಿತ ನಡುವೆ ಎಲ್ಲೋ ನಿಂತಿದೆ ಎಂದು ತಿಳಿಯಬೇಕು. ಒಂದೇ ದಿನದ ಧಾರಣೆ ನೋಡಿ ತೀರ್ಮಾನಕ್ಕೆ ಬರಬಾರದು. 2020ರಲ್ಲಿ ನಮ್ಮ ರಾಜ್ಯದಲ್ಲಿ ಒಂದೂವರೆ ರೂಪಾಯಿ ಇದ್ದ ಶುಲ್ಕವನ್ನು ಇಳಿಸಿದ್ದು ನೆನಪಿರಬಹುದು. 1,500 ರೂಪಾಯಿಯ ಜೋಳಕ್ಕೆ ನೂರಕ್ಕೆ ಅರ್ಧ ರೂಪಾಯಿ ಇಳಿದರೆ ಅದು ಕ್ವಿಂಟಾಲಿಗೆ ಏಳೂವರೆ ರೂಪಾಯಿ. ಆವಕ ಹೆಚ್ಚಾದ ಒಂದು ದಿನದ ಕುಸಿತದಲ್ಲೇ ಅದು ಮುಳುಗಿಹೋಗುತ್ತದೆ.

ಇಷ್ಟೆಲ್ಲ ಹೇಳಿದ್ದು ಶುಲ್ಕವೇ ಬೇಡವೆನ್ನಲು ಅಲ್ಲ. ಸರಿಯಾದ ತೂಕ, ಒಣಗಿಸಲು ಸಿಮೆಂಟು ಕಣ, ಮಳೆಗೆ ನೆನೆಯದ ಹರಾಜುಕಟ್ಟೆ, ಹೆಚ್ಚು ಮಂದಿ ಬರೆಯುವ ಟೆಂಡರ್ ಇವೆಲ್ಲ ಹಣವಿಲ್ಲದೆ ಆಗುವುದಿಲ್ಲ. ತೇವದ ಜೋಳಕ್ಕೆ ಸಿಗುವ ದರಕ್ಕೂ ಒಣ ಜೋಳದ ದರಕ್ಕೂ ಇರುವ ಅಂತರ 21 ರೂಪಾಯಿಗಿಂತ ಹೆಚ್ಚಾಗಿರುವ ಯಾರ್ಡಿನಲ್ಲಿ ಒಂದು ಒಳ್ಳೆಯ ಕಣ ಇದ್ದರೆ ಶುಲ್ಕ ಕೊಟ್ಟೂ ನಿಮಗೆ ಲಾಭವೇ. ಕಣವೂ ಇಲ್ಲ, ಕಟ್ಟೆಯೂ ಸೋರುತ್ತದೆ ಎಂದಾದರೆ ಕ್ವಿಂಟಾಲಿಗೆ 21 ರೂಪಾಯಿ ಸುಮ್ಮನೆ ಹೋದಂತೆ.

ಮಾರುಕಟ್ಟೆ ಸಮಿತಿಗೆ ರೈತರೇ ಮತ ಹಾಕಿ ತಮ್ಮ ಪ್ರತಿನಿಧಿಗಳನ್ನು ಕಳಿಸುತ್ತಾರೆ. ಶುಲ್ಕ ವರ್ತಕರ ದುಡ್ಡೆಂದು ತಿಳಿದಿರುವವರೆಗೆ ಅದರ ಖರ್ಚಿನ ಲೆಕ್ಕ ಕೇಳಲು ನಮಗೆ ನಾಲಿಗೆ ಏಳುವುದಿಲ್ಲ. ಈ ಸಲ ನಿಮ್ಮ ಪ್ರತಿನಿಧಿ ಊರಿಗೆ ಬಂದಾಗ ಹೋದ ವರ್ಷ ವಸೂಲಾದ ಶುಲ್ಕವೆಷ್ಟು, ಅದರಲ್ಲಿ ಕಣಕ್ಕೆ, ಕಟ್ಟೆಗೆ, ತೂಕದ ಯಂತ್ರಕ್ಕೆ ಖರ್ಚಾದದ್ದೆಷ್ಟು ಎಂದು ಕೇಳಿ. ರಸೀದಿ ಬೇರೆಯವರ ಹೆಸರಿನಲ್ಲಿದ್ದರೂ ಹಣದ ದೊಡ್ಡ ಪಾಲು ನಿಮ್ಮ ರಾಶಿಯಿಂದಲೇ ಹೋದದ್ದು.